ಬಾಣದ ಗುರುತುಗಳಿಂದ ತುಂಬಿದ ಭಾಷಣದ ಕರಡನ್ನು ನೇರವಾಗಿ ಟೈಪ್ ಮಾಡಿಕೊಳ್ಳಬಹುದೇ?

ಪ್ರಶ್ನೆ: ಸೆಪ್ಟೆಂಬರ್ 15ರ ವಿಶ್ವೇಶ್ವರಯ್ಯ ಜಯಂತಿಗೆಂದು ಬರೆದ ಭಾಷಣದ ಕರಡಿನಲ್ಲಿ ಹೊಡೆದುಹಾಕಿದ ಸಾಲುಗಳೂ ಬಾಣಗಳೂ ತುಂಬಿವೆ. ಇರುವುದನ್ನು ಇರುವ ಹಾಗೆಯೇ ಟೈಪ್ ಮಾಡಿಸಿ, ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸಿಕೊಂಡರೆ ಸಾಲದೇ?

ಸಾಲದು. ಚಿಕ್ಕಬಳ್ಳಾಪುರದಲ್ಲಿ ಡಿಟಿಪಿ ಕೆಲಸ ಮಾಡುವ ನಾನು ಈ ಮಾತನ್ನು ಪ್ರತಿ ವರ್ಷ ಜಯಂತಿಯ ಮುಂಚೆಯೂ ನವೆಂಬರ್ ಒಂದರ ಮುಂಚೆಯೂ ಹೇಳುತ್ತಲೇ ಬಂದಿದ್ದೇನೆ. ಆದರೂ "ಮೊದಲು ಟೈಪ್ ಆಗಲಿ, ಆಮೇಲೆ ನೋಡೋಣ" ಎಂಬ ನಂಬಿಕೆ ಸಡಿಲವಾಗಿಲ್ಲವಾದ್ದರಿಂದ, ಅದು ಏಕೆ ತಪ್ಪು ಎಂಬುದನ್ನು ಈ ಸಲ ವಿವರವಾಗಿಯೇ ಹೇಳುತ್ತೇನೆ.

ಕಾಗದದ ಮೇಲೆ ಯಾವುದು ಮೊದಲು ಬರೆದದ್ದು, ಯಾವುದು ಆಮೇಲೆ ಸೇರಿಸಿದ್ದು ಎಂಬುದು ಕಣ್ಣಿಗೆ ಕಾಣುತ್ತದೆ. ಶಾಯಿಯ ಬಣ್ಣ, ಅಂಚಿನಲ್ಲಿ ಕಿರಿದಾದ ಅಕ್ಷರ, ಅರ್ಧಕ್ಕೆ ಹೊಡೆದ ಗೀಟು, ಎಲ್ಲವೂ ಬರೆದವರ ನಿರ್ಧಾರದ ಗುರುತುಗಳೇ. ಟೈಪ್ ಆದ ಕ್ಷಣ ಎಲ್ಲ ಸಾಲುಗಳೂ ಒಂದೇ ಅಳತೆಗೆ ಬಂದು, ಹಳೆಯ ವಾಕ್ಯವೂ ಹೊಸ ವಾಕ್ಯವೂ ಸಮಾನ ಗೌರವದಿಂದ ನಿಂತುಬಿಡುತ್ತವೆ. ಅಚ್ಚುಕಟ್ಟಾಗಿ ಕಾಣುವ ಪುಟವನ್ನು ಅನುಮಾನದಿಂದ ಓದುವವರು ಕಡಿಮೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮೊದಲ ಹಾಳೆಯಲ್ಲಿ, "1912ರಲ್ಲಿ ಅವರು ಮೈಸೂರಿನ ದಿವಾನರಾದರು. ಮರುವರ್ಷವೇ ಮೈಸೂರು ಬ್ಯಾಂಕ್ ಆರಂಭವಾಯಿತು" ಎಂದಿದೆ. ಎರಡನೆಯ ಹಾಳೆಯಲ್ಲಿ ಕನ್ನಂಬಾಡಿ ಕಟ್ಟೆಯ ಮಾತು ಮುಗಿದ ಮೇಲೆ, "1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅಲ್ಲಿ ಓದಿದ ನಮ್ಮ ಊರಿನ ಹಿರಿಯರನ್ನು ಇಂದು ನೆನೆಯಬೇಕು" ಎಂದಿದೆ. ವಿದ್ಯೆಯ ವಿಷಯ ಮೊದಲು ಬರಲಿ ಎಂದು ಭಾಷಣಕಾರರು ವಿಶ್ವವಿದ್ಯಾಲಯದ ವಾಕ್ಯವೊಂದಕ್ಕೆ ಬಾಣ ಎಳೆದು, ಅದನ್ನು ದಿವಾನಗಿರಿಯ ವಾಕ್ಯದ ಪಕ್ಕಕ್ಕೆ ತಂದಿದ್ದಾರೆ. ಬಾಣ ಹೇಳಿದಂತೆಯೇ ಟೈಪ್ ಮಾಡಿದರೆ 1916ರ ನಂತರ "ಮರುವರ್ಷವೇ ಮೈಸೂರು ಬ್ಯಾಂಕ್" ಎಂದಾಗಿ, 1913ರಲ್ಲಿ ಹುಟ್ಟಿದ ಬ್ಯಾಂಕು ಕೇಳುವವರ ಕಿವಿಗೆ 1917ರದ್ದಾಗುತ್ತದೆ. ಇತ್ತ ಎರಡನೆಯ ಹಾಳೆಯಲ್ಲಿ "ಅಲ್ಲಿ ಓದಿದ ಹಿರಿಯರು" ಕನ್ನಂಬಾಡಿ ಕಟ್ಟೆಯಲ್ಲಿ ಓದಿದವರಾಗುತ್ತಾರೆ. ಒಂದು ಕಾಗುಣಿತದ ತಪ್ಪೂ ಇಲ್ಲದಿರುವುದರಿಂದ ಪರದೆಯ ಮೇಲೆ ಯಾವ ಕೆಂಪು ಗೀಟೂ ಇದನ್ನು ಹಿಡಿದುಕೊಡುವುದಿಲ್ಲ.

ಆದ್ದರಿಂದ ಒಂದು ಭಾಗವನ್ನು ಸರಿಸಿದಾಗ ನೋಡಬೇಕಾದ ಸಂದುಗಳು ಮೂರು: ಅದು ಬಿಟ್ಟುಹೋದ ಜಾಗ ಕೂಡಿಕೊಳ್ಳುವ ಸಂದು ಒಂದು, ಹೊಸ ಜಾಗದಲ್ಲಿ ಅದರ ಹಿಂದಿನದು ಮತ್ತು ಮುಂದಿನದು ಎರಡು. "ಅದು, ಅವರು, ಅಲ್ಲಿ, ಆ ಬಳಿಕ, ಮರುವರ್ಷ, ಹೀಗಾಗಿ, ಮೇಲೆ ಹೇಳಿದ" ಎಂಬಂಥ ಮಾತುಗಳು ಈ ಸಂದುಗಳ ಬಳಿ ಇದ್ದರೆ ಬೆರಳಿಟ್ಟು ಪರೀಕ್ಷಿಸಬೇಕು. ನಮ್ಮ ಉದಾಹರಣೆಯಲ್ಲಿ "ಮರುವರ್ಷವೇ" ಎಂಬುದನ್ನು "1913ರಲ್ಲಿಯೇ" ಎಂದು ತಿದ್ದಿ, ಹಿರಿಯರ ವಾಕ್ಯದಲ್ಲಿ "ಅಲ್ಲಿ" ಎಂಬುದರ ಬದಲು "ಮೈಸೂರು ವಿಶ್ವವಿದ್ಯಾಲಯದಲ್ಲಿ" ಎಂದು ಬರೆದರೆ ಎರಡೂ ತೊಡಕು ಬಿಡುತ್ತವೆ. ವರ್ಷಗಳು ಹಿಂದುಮುಂದಾಗುವುದು ಬೇಡವೆನಿಸಿದರೆ ಬಾಣವನ್ನೇ ಕೈಬಿಡಬೇಕು. ಆ ತೀರ್ಮಾನ ಭಾಷಣಕಾರರದ್ದು, ಟೈಪ್ ಮಾಡುವವರದ್ದಲ್ಲ.

ಕೆಲಸದ ಕ್ರಮ ಕಷ್ಟದ್ದೇನಲ್ಲ. ಕರಡಿನಲ್ಲಿ ಇಲ್ಲದ ಬಣ್ಣದ ಪೆನ್ನು ಹಿಡಿದು, ಭಾಷಣದಲ್ಲಿ ಬರಬೇಕಾದ ಕ್ರಮದಲ್ಲಿಯೇ ಪ್ರತಿ ಭಾಗಕ್ಕೂ 1, 2, 3 ಎಂದು ಸಂಖ್ಯೆ ಹಾಕಿ. ಹೀಗೆ ಮಾಡಿದ ಮೇಲೆ ಬಾಣಗಳನ್ನು ನೋಡುವ ಅಗತ್ಯವೇ ಇರುವುದಿಲ್ಲ. ಹೊಡೆಯದೆ ಬಿಟ್ಟ ಎರಡು ಪರ್ಯಾಯ ವಾಕ್ಯಗಳಿದ್ದರೆ ಬರೆದವರನ್ನೇ ಕೇಳಬೇಕು. ಅವರು ಸಿಗುವವರೆಗೆ ಎರಡನ್ನೂ ಟೈಪ್ ಮಾಡಿ ಪಕ್ಕದಲ್ಲಿ ### ಎಂದು ಹಾಕಿಟ್ಟರೆ ಕೊನೆಯಲ್ಲಿ ಹುಡುಕಿ ತೆಗೆಯಬಹುದು. ಟೈಪ್ ಆದ ಭಾಗದ ಸಂಖ್ಯೆಗೆ ಕರಡಿನಲ್ಲೇ ಸುತ್ತು ಹಾಕುತ್ತ ಹೋಗಿ; ಸುತ್ತಿಲ್ಲದ ಸಂಖ್ಯೆ ಉಳಿದರೆ ಅದು ಬಿಟ್ಟುಹೋದ ಭಾಗ. ನಂತರ ಒಬ್ಬರು ಕರಡನ್ನು ಸಂಖ್ಯೆಯ ಪ್ರಕಾರ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮುದ್ರಿತ ಪ್ರತಿಯನ್ನು ಹಿಡಿದು ನೋಡಬೇಕು.

ಕೇಳದಿದ್ದರೂ ಇನ್ನೊಂದು ವಿಷಯ ಹೇಳಬೇಕಾಗಿದೆ. ತಿದ್ದಿ ಮುಗಿಸಿದ ಪ್ರತಿಯನ್ನು ಅರ್ಜಿಯ ಹಾಗೆ 12ರ ಅಳತೆಯಲ್ಲಿ ಒತ್ತೊತ್ತಾಗಿ ಮುದ್ರಿಸಿಕೊಂಡು ವೇದಿಕೆ ಏರುವವರೇ ಹೆಚ್ಚು. ನಿಂತು ಓದುವವರಿಗೆ ಕಾಗದ ಕಣ್ಣಿನಿಂದ ದೂರದಲ್ಲಿರುತ್ತದೆ. ಜೊತೆಗೆ ಕನ್ನಡದ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಜಾಗ ಬೇಕು. 18ರ ಅಳತೆ, ಒಂದೂವರೆ ಸಾಲಿನ ಅಂತರ, ಹಾಳೆಯ ಒಂದೇ ಮಗ್ಗುಲು, ಮೇಲ್ಭಾಗದಲ್ಲಿ ಪುಟಸಂಖ್ಯೆ ಇರಲಿ. ಯಾವ ವಾಕ್ಯವೂ ಪುಟದ ಕೊನೆಯಲ್ಲಿ ತುಂಡಾಗಬಾರದು. ಅಡಿಯಲ್ಲಿ ನಾಲ್ಕು ಸಾಲಿನ ಜಾಗ ಖಾಲಿ ಉಳಿದರೂ ಸರಿ, ಆ ವಾಕ್ಯವನ್ನು ಮುಂದಿನ ಪುಟಕ್ಕೆ ಕಳಿಸಿ. ಹಾಳೆಗಳಿಗೆ ಪಿನ್ನು ಹೊಡೆಯದೆ ಬಿಡಿಯಾಗಿಯೇ ಇಟ್ಟುಕೊಂಡರೆ ಓದಿದ್ದನ್ನು ಪಕ್ಕಕ್ಕೆ ಸರಿಸುತ್ತ ಹೋಗಬಹುದು.