ಎಣ್ಣೆಗೆ ಗೊಬ್ಬರ ಹಾಕಿದ ಕಥೆ

ಅಡಿಕೆ ಸುಲಿದ ಮೇಲೆ ಅಂಗಳದಾಚೆ ಬೀಳುವ ಸಿಪ್ಪೆ ರಾಶಿಯನ್ನು ನೋಡಿದವರಿಗೆ ಗೊತ್ತು, ಅದು ಸುಮ್ನೆ ಬಿಟ್ಟರೆ ಬೇಗ ಕೊಳೆಯುವುದಿಲ್ಲ. ಒಂದು ಮಳೆಗಾಲ ಕಳೆದ ಮೇಲೂ ಒಳಗೆ ಕೈ ಹಾಕಿದರೆ ನಾರು ನಾರಾಗಿಯೇ ಸಿಗುತ್ತದೆ. ಅದೇ ರಾಶಿಗೆ ಸಗಣಿ ನೀರು ಹೊಯ್ದು, ಸ್ವಲ್ಪ ಯೂರಿಯಾ ಎರಚಿ, ಆಗಾಗ ಮಗುಚಿ ಹಾಕಿ ನೋಡಿ. ಕೆಲವು ತಿಂಗಳಲ್ಲೇ ಕಪ್ಪಾಗಿ ಪುಡಿಯಾಗತೊಡಗುತ್ತದೆ. ಸಿಪ್ಪೆಯಲ್ಲಿ ಇಂಗಾಲ ಬೇಕಾದಷ್ಟಿದೆ, ಆದರೆ ಸಾರಜನಕ ತೀರಾ ಕಡಿಮೆ. ಕೊಳೆಸುವ ಜೀವಿಗಳು ಮೈ ಬೆಳೆಸಿಕೊಳ್ಳಲು ಎರಡೂ ಬೇಕು.

ಸಮುದ್ರಕ್ಕೆ ಚೆಲ್ಲಿದ ಕಚ್ಚಾ ತೈಲದ ವಿಷಯವೂ ಹೆಚ್ಚುಕಮ್ಮಿ ಹೀಗೆಯೇ. ಆದರೆ 'ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ' ಅಂದ ಕೂಡಲೇ ನಮ್ಮ ಕಣ್ಮುಂದೆ ಬರುವುದು ಲ್ಯಾಬಿನಲ್ಲಿ ಹುಟ್ಟಿದ ಯಾವುದೋ ಮಾಯಾ ಕ್ರಿಮಿ. ಆ ಚಿತ್ರ ಬಂದದ್ದು ಎಲ್ಲಿಂದ ಅನ್ನುವುದೇ ಒಂದು ಕಥೆ.

1972ರಲ್ಲಿ ಅಮೆರಿಕದಲ್ಲಿ ಎರಡು ಸಂಗತಿ ನಡೆದವು. ಒಂದು ಲೋಕಕ್ಕೆಲ್ಲ ಗೊತ್ತಾಯಿತು. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ, ಬಂಗಾಳದಲ್ಲಿ ಹುಟ್ಟಿದ ಆನಂದ ಚಕ್ರವರ್ತಿ ಒಂದು ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಕೇಳಿದರು. ಎಣ್ಣೆಯ ಬೇರೆ ಬೇರೆ ಭಾಗಗಳನ್ನು ಅರಗಿಸುವ ಶಕ್ತಿ ಬೇರೆ ಬೇರೆ ತಳಿಗಳಲ್ಲಿತ್ತು. ಆ ಶಕ್ತಿ ಕೊಡುವ ಜೀನ್‌ಗಳು ಪ್ಲಾಸ್ಮಿಡ್ ಎಂಬ ಚಿಕ್ಕ ಉಂಗುರಗಳಲ್ಲಿದ್ದವು. ಚಕ್ರವರ್ತಿ ಆ ಉಂಗುರಗಳನ್ನು ಒಂದೇ ತಳಿಯೊಳಗೆ ಸೇರಿಸಿದ್ದರು. ಜೀವಂತ ವಸ್ತುವಿಗೆ ಪೇಟೆಂಟ್ ಕೊಡಬಹುದೇ ಎಂದು ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1980ರ ಜೂನ್ 16ರಂದು 5-4ರ ಬಹುಮತದಲ್ಲಿ ಚಕ್ರವರ್ತಿ ಗೆದ್ದರು. ಜೈವಿಕ ತಂತ್ರಜ್ಞಾನ ಉದ್ಯಮಕ್ಕೆ ಬಾಗಿಲು ತೆರೆದದ್ದೇ ಆ ತೀರ್ಪು. ಆದರೆ ಆ ಬ್ಯಾಕ್ಟೀರಿಯಾವನ್ನು ಒಂದು ಸಲವೂ ಸಮುದ್ರಕ್ಕೆ ಬಿಡಲಿಲ್ಲ.

ಇನ್ನೊಂದು ಸಂಗತಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಉಳಿಯಿತು. ರೊನಾಲ್ಡ್ ಅಟ್ಲಾಸ್ ಮತ್ತು ರಿಚರ್ಡ್ ಬಾರ್ಥಾ ಆಗಷ್ಟೇ ತಂದ ಸಮುದ್ರದ ನೀರಿಗೆ ಕಚ್ಚಾ ತೈಲ ಹಾಕಿ 18 ದಿನ ಇಟ್ಟರು. ಸುಮ್ಮನೆ ಇಟ್ಟದ್ದರಲ್ಲಿ ಆ ನೀರಿನಲ್ಲೇ ಇದ್ದ ಬ್ಯಾಕ್ಟೀರಿಯಾ ತಿಂದ ಎಣ್ಣೆ ಶೇ. 3 ಮಾತ್ರ. ಸಾರಜನಕ ಕೊಡುವ ನೈಟ್ರೇಟ್ ಮತ್ತು ರಂಜಕ ಕೊಡುವ ಫಾಸ್ಫೇಟ್ ಎರಡನ್ನೂ ಸೇರಿಸಿದಾಗ ಅದು ಶೇ. 70ರವರೆಗೆ ಏರಿತು. ಒಂದನ್ನು ಮಾತ್ರ ಹಾಕಿದರೆ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ನನ್ನನ್ನು ಕೇಳಿದರೆ, ಎಣ್ಣೆ ತೊಳೆಯುವ ಕೆಲಸಕ್ಕೆ ಇವೆರಡರಲ್ಲಿ ಜಾಸ್ತಿ ದಾರಿ ತೋರಿಸಿದ್ದು ಈ ಪ್ರಯೋಗವೇ.

ಹಾಗಾದರೆ ಸಮುದ್ರದಲ್ಲಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಮೊದಲೇ ಯಾಕಿದ್ದವು? ಸಮುದ್ರದ ತಳದ ಬಿರುಕುಗಳಿಂದ ಎಣ್ಣೆ ಲಕ್ಷಾಂತರ ವರ್ಷಗಳಿಂದ ತಾನಾಗಿಯೇ ಜಿನುಗುತ್ತಿದೆ. ಒಂದು ಅಂದಾಜಿನ ಪ್ರಕಾರ ಈಗಲೂ ವರ್ಷಕ್ಕೆ ಸುಮಾರು 6 ಲಕ್ಷ ಟನ್. ಊಟ ಇದ್ದಲ್ಲಿ ಉಣ್ಣುವವರು ಹುಟ್ಟಿಕೊಂಡಿದ್ದಾರೆ. ಅಲ್ಕಾನಿವೊರಾಕ್ಸ್ ಎಂಬ ಒಂದು ಬ್ಯಾಕ್ಟೀರಿಯಾ ಎಣ್ಣೆಯಿಲ್ಲದ ಸಮುದ್ರದ ನೀರಿನಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ವಿರಳ. ಎಣ್ಣೆ ಬಿದ್ದರೆ ಗುಂಪು ಗುಂಪಾಗಿ ಬೆಳೆದುಬಿಡುತ್ತದೆ. ಸೋಪಿನಂಥ ವಸ್ತುವನ್ನು ತಾನೇ ಸುರಿಸಿ ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದುಕೊಳ್ಳುತ್ತದೆ.

ತಿನ್ನುವ ರೀತಿಯೂ ನಮಗೆ ಅಪರಿಚಿತವೇನಲ್ಲ. ಎಣ್ಣೆಯ ಒಂದು ದೊಡ್ಡ ಭಾಗ ಇಂಗಾಲದ ಉದ್ದುದ್ದ ಸರಪಳಿಗಳು. ಬ್ಯಾಕ್ಟೀರಿಯಾದ ಕಿಣ್ವ ಮೊದಲು ಸರಪಳಿಯ ತುದಿಗೆ ಆಮ್ಲಜನಕ ಅಂಟಿಸುತ್ತದೆ. ಅದು ಕ್ರಮೇಣ ಕೊಬ್ಬಿನ ಆಮ್ಲವಾಗುತ್ತದೆ. ಆಮೇಲೆ ಎರಡೆರಡು ಇಂಗಾಲದಂತೆ ಕತ್ತರಿಸುತ್ತಾ ಹೋಗುತ್ತದೆ. ನೀವು ತಿಂದ ಮಸಾಲೆ ದೋಸೆಯ ಎಣ್ಣೆಯನ್ನು ನಿಮ್ಮ ಮೈ ಕತ್ತರಿಸುವುದೂ ಹೀಗೆಯೇ. ವ್ಯತ್ಯಾಸ ಇರುವುದು ಮೊದಲ ಹೆಜ್ಜೆಯಲ್ಲಿ. ಅದಕ್ಕೆ ಆಮ್ಲಜನಕ ಬೇಕೇ ಬೇಕು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

1989ರ ಮಾರ್ಚ್ 24ರಂದು, ನಡುರಾತ್ರಿ ಕಳೆದ ಕೂಡಲೇ, ಎಕ್ಸಾನ್ ವಾಲ್ಡೀಜ್ ಎಂಬ ಹಡಗು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಬ್ಲೈ ಬಂಡೆಗೆ ಬಡಿಯಿತು. ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ನೀರಿಗೆ ಹರಿಯಿತು. ಅಲ್ಲಿನ ದಡ ಮರಳಿನದಲ್ಲ, ಗುಂಡುಕಲ್ಲುಗಳದ್ದು. ಎಣ್ಣೆ ಕಲ್ಲಿನ ಸಂದುಗಳಿಗೆ ಇಳಿಯಿತು. ಮೊದಲು ಬಿಸಿನೀರನ್ನು ರಭಸವಾಗಿ ಹೊಡೆದು ತೊಳೆದರು. ಎಣ್ಣೆಯ ಜೊತೆ ಕಲ್ಲಿಗಂಟಿದ್ದ ಪಾಚಿ, ಚಿಪ್ಪುಜೀವಿಗಳೂ ಬೆಂದು ಹೋದವು.

ಆಗ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1972ರ ಪಾಠವನ್ನು ದಡದ ಮೇಲೆ ಪರೀಕ್ಷಿಸಲು ಹೊರಟಿತು. ನೈಟ್ ದ್ವೀಪದ ಸ್ನಗ್ ಹಾರ್ಬರ್‌ನಲ್ಲಿ ಜೂನ್ ತಿಂಗಳಲ್ಲಿ ದಡವನ್ನು ತುಂಡುಗಳಾಗಿ ಗುರುತು ಮಾಡಿ ಗೊಬ್ಬರ ಹಾಕಿದರು. ಸಾಮಾನ್ಯ ಯೂರಿಯಾ ಆದರೆ ಮುಂದಿನ ಅಲೆಗೇ ಕೊಚ್ಚಿಹೋಗುತ್ತಿತ್ತು. ಅದಕ್ಕೇ ಇನಿಪಾಲ್ ಎಂಬ ದ್ರವ ಆರಿಸಿದರು. ಯೂರಿಯಾವನ್ನು ಎಣ್ಣೆಯಂಥ ಪದಾರ್ಥದೊಳಗೆ ಸೇರಿಸಿದ ಇದು ಕಲ್ಲಿನ ಮೇಲಿನ ಎಣ್ಣೆಗೇ ಅಂಟಿಕೊಳ್ಳುತ್ತದೆ. ಇದಲ್ಲದೆ, ಲೇಪ ಹಚ್ಚಿದ, ನಿಧಾನವಾಗಿ ಕರಗುವ ಗೊಬ್ಬರದ ಹರಳುಗಳನ್ನೂ ಬಳಸಿದರು. ಬ್ಯಾಕ್ಟೀರಿಯಾ ಮಾತ್ರ ಒಂದನ್ನೂ ಹಾಕಲಿಲ್ಲ.

ಎರಡು ಮೂರು ವಾರದೊಳಗೆ ಹೆಲಿಕಾಪ್ಟರ್‌ನಿಂದ ನೋಡಿದವರಿಗೆ ಕಪ್ಪು ದಡದ ನಡುವೆ ಕಲ್ಲಿನ ಬಣ್ಣದ ಒಂದು ಚೌಕ ಕಾಣಿಸಿತು. ಇನಿಪಾಲ್ ಹಾಕಿದ ಜಾಗ, ಗೆರೆ ಎಳೆದ ಹಾಗೆ.

ಕೂಡಲೇ ಸಂಶಯವೂ ಎದ್ದಿತು, ಅದು ನ್ಯಾಯವೇ. ಇನಿಪಾಲ್‌ನಲ್ಲಿ ಸೋಪಿನ ಗುಣದ ವಸ್ತುಗಳಿವೆ. ಅದು ಎಣ್ಣೆಯನ್ನು ತೊಳೆದು ಸಮುದ್ರಕ್ಕೆ ತಳ್ಳಿದ್ದರೆ? ಪ್ಯಾಸೇಜ್ ಕೋವ್ ಎಂಬ ಇನ್ನೊಂದು ಕಡೆ ಬರೀ ಗೊಬ್ಬರ ಕರಗಿಸಿದ ಸಮುದ್ರದ ನೀರನ್ನು ಸ್ಪ್ರಿಂಕ್ಲರ್‌ನಿಂದ ಚಿಮುಕಿಸಿದರು. ಸೋಪಿನಂಥದ್ದು ಏನೂ ಇಲ್ಲ. ಅಲ್ಲೂ ಕಲ್ಲು ಹಾಗೆಯೇ ತಿಳಿಯಾಯಿತು.

ಇನ್ನೂ ಗಟ್ಟಿ ಸಾಕ್ಷಿ ಎಣ್ಣೆಯೊಳಗೇ ಇತ್ತು. ಮದುವೆ ಊಟದ ಎಲೆ ನೆನಪಿಸಿಕೊಳ್ಳಿ. ಉಂಡು ಎದ್ದವರ ಎಲೆಯಲ್ಲಿ ಪಾಯಸ ಇರುವುದಿಲ್ಲ, ಕರಿಬೇವು ಉಳಿದಿರುತ್ತದೆ. ಉಣ್ಣದೆ ಎಲೆಯನ್ನೇ ಎಸೆದರೆ ಪಾಯಸದ ಜೊತೆ ಕರಿಬೇವೂ ಹೋಗುತ್ತದೆ. ಎಣ್ಣೆಯಲ್ಲಿ 17 ಇಂಗಾಲದ ನೇರ ಸರಪಳಿ ಪಾಯಸವಿದ್ದಂತೆ, ಬ್ಯಾಕ್ಟೀರಿಯಾ ಬೇಗ ಮುಗಿಸುತ್ತವೆ. ಪ್ರಿಸ್ಟೇನ್ ಎಂಬ ಕವಲೊಡೆದ ಸರಪಳಿ ಕರಿಬೇವು. ಎರಡೂ ನೀರಿನಲ್ಲಿ ಹೆಚ್ಚುಕಮ್ಮಿ ಒಂದೇ ಥರ ತೊಳೆದುಹೋಗುತ್ತವೆ. ಆದ್ದರಿಂದ ಎರಡರ ಅನುಪಾತ ಕುಸಿದರೆ ತಿಂದದ್ದು ಖಾತ್ರಿ. ಸ್ವಲ್ಪ ದಿನದಲ್ಲಿ ಬ್ಯಾಕ್ಟೀರಿಯಾ ಪ್ರಿಸ್ಟೇನನ್ನೂ ತಿನ್ನಲು ಶುರು ಮಾಡಿ ಲೆಕ್ಕ ಕೆಡಿಸಿದವು. ಆಮೇಲೆ ಹೋಪೇನ್ ಎಂಬ, ಇನ್ನೂ ಗಟ್ಟಿಯಾದ ಅಣುವನ್ನು ಅಳತೆಗೋಲು ಮಾಡಿಕೊಂಡರು. ಆ ಅಳತೆಯಿಂದ ಹೊರಬಿದ್ದದ್ದು ಒಂದು ಸರಳ ವಿಷಯ. ಕಲ್ಲಿನ ಸಂದಿನ ನೀರಿನಲ್ಲಿ ಎಣ್ಣೆಯ ಪ್ರಮಾಣಕ್ಕೆ ತಕ್ಕಷ್ಟು ಸಾರಜನಕ ಸಿಕ್ಕಿತೇ ಅನ್ನುವುದರ ಮೇಲೆ ವೇಗ ನಿಂತಿತ್ತು.

ಆ ಬೇಸಿಗೆಯಲ್ಲಿ 100 ಕಿ.ಮೀ.ಗೂ ಜಾಸ್ತಿ ದಡಕ್ಕೆ ಗೊಬ್ಬರ ಬಿತ್ತು. ಮರುವರ್ಷ ಮಾರುಕಟ್ಟೆಯ ಎರಡು ಬ್ಯಾಕ್ಟೀರಿಯಾ ಉತ್ಪನ್ನಗಳನ್ನು ಅಲ್ಲೇ ಪರೀಕ್ಷಿಸಿದರು. ಹಾಕಿದ ಜಾಗಕ್ಕೂ ಹಾಕದ ಜಾಗಕ್ಕೂ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ಅಲ್ಲಿನ ಚಳಿಗೆ, ಉಪ್ಪಿಗೆ ಹೊಂದಿಕೊಂಡ ಸ್ಥಳೀಯ ಬ್ಯಾಕ್ಟೀರಿಯಾಗಳ ನಡುವೆ ಹೊರಗಿನವು ನಿಲ್ಲುವುದು ಕಷ್ಟ.

ಹಾಗಂತ ತಂದು ಹಾಕುವುದು ಎಲ್ಲೂ ಪ್ರಯೋಜನವಿಲ್ಲ ಎಂದಲ್ಲ. ನಮ್ಮ ದೇಶದಲ್ಲಿ ಟೆರಿ ಸಂಸ್ಥೆ ಆಯಿಲ್‌ಜ್ಯಾಪರ್ ಎಂಬ ಬ್ಯಾಕ್ಟೀರಿಯಾ ಮಿಶ್ರಣ ತಯಾರಿಸಿದೆ. ಜೋಳದ ದಿಂಡಿನ ಪುಡಿಯಲ್ಲಿ ಕೂರಿಸಿದ ಇದನ್ನು ತೈಲಬಾವಿ, ರಿಫೈನರಿಗಳ ಕೆಸರಿಗೆ ಬೆರೆಸುತ್ತಾರೆ. ಅಲ್ಲಿ ಕೆಸರನ್ನು ಒಂದು ಕಡೆ ಹರವಿ, ನೀರು ಗೊಬ್ಬರ ಕೊಟ್ಟು, ಉಳುಮೆ ಮಾಡಿ ಗಾಳಿಯಾಡಿಸಬಹುದು. ತೆರೆದ ಸಮುದ್ರದಲ್ಲಿ ಈ ಯಾವ ಹಿಡಿತವೂ ಇರುವುದಿಲ್ಲ, ಅಲ್ವಾ?

ಅಲಾಸ್ಕಾದ ಕಥೆಗೆ ಇನ್ನೊಂದು ತಿರುವಿದೆ. 2001ರಲ್ಲಿ, ಅಂದರೆ 12 ವರ್ಷದ ನಂತರ, ಸರ್ಕಾರಿ ವಿಜ್ಞಾನಿಗಳು 91 ಕಡೆ ದಡದಲ್ಲಿ ಸಾವಿರಾರು ಗುಂಡಿ ತೋಡಿದರು. ಅರ್ಧಕ್ಕಿಂತ ಜಾಸ್ತಿ ಕಡೆ ಎಣ್ಣೆ ಸಿಕ್ಕಿತು. ಮೇಲ್ಗಡೆ ತಿಳಿಗಲ್ಲು, ಸ್ವಲ್ಪ ಕೆಳಗೆ ಇನ್ನೂ ವಾಸನೆ ಹೊಡೆಯುವ ಎಣ್ಣೆ. 2010ರ ಹೊತ್ತಿಗೆ ಕಾರಣ ಸ್ಪಷ್ಟವಾಯಿತು. ದಡದಲ್ಲಿ ಎರಡು ಪದರ ಇದ್ದವು. ಮೇಲಿನದರಲ್ಲಿ ನೀರು ಸಲೀಸಾಗಿ ಓಡಾಡುತ್ತದೆ. ಕೆಳಗಿನದು ಬಿಗಿ, ಅಲ್ಲಿಗೆ ಆಮ್ಲಜನಕ ಇಳಿಯುವುದೇ ಇಲ್ಲ. ಆಮ್ಲಜನಕ ಇಲ್ಲದೆ ಮೊದಲ ಹೆಜ್ಜೆ ಇಲ್ಲ. ಸಿಪ್ಪೆ ರಾಶಿಯನ್ನಾದರೆ ಮಗುಚಬಹುದು. ಸಾವಿರಾರು ಕಿ.ಮೀ. ಕಲ್ಲಿನ ದಡವನ್ನು ಮಗುಚುವವರು ಯಾರು?

ಎಣ್ಣೆಯಂತೆ ಕೀಟನಾಶಕವನ್ನು ತಿನ್ನುವ ಬ್ಯಾಕ್ಟೀರಿಯಾಗಳೂ ಇವೆ. ಆದರೆ ಆ ಕಥೆ ಶುರುವಾದದ್ದು ತಿರುಗಾಮುರುಗಾ. ಅಲ್ಲಿ ಬ್ಯಾಕ್ಟೀರಿಯಾ ತಿಂದದ್ದೇ ತೊಂದರೆಯಾಗಿತ್ತು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳಲ್ಲಿ ಕಂದು ಜಿಗಿಹುಳುವಿಗೆ ಡಯಾಜಿನಾನ್ ಹಾಕುತ್ತಿದ್ದರು. ಮತ್ತೆ ಮತ್ತೆ ಹಾಕಿದ ಗದ್ದೆಯಲ್ಲಿ ಔಷಧಿ ಬೇಗ ಬೇಗ ಮಾಯವಾಗತೊಡಗಿತು. ಭಾರತದ ಎನ್. ಸೇತುನಾಥನ್ ಅಲ್ಲಿ ಕೆಲಸ ಮಾಡುತ್ತಾ ಆ ಗದ್ದೆ ನೀರಿನಿಂದ ಒಂದು ಫ್ಲೇವೊಬ್ಯಾಕ್ಟೀರಿಯಂ ಬೇರ್ಪಡಿಸಿದರು. ಅದರ ವರದಿ ಬಂದದ್ದು 1973ರಲ್ಲಿ. ಅದು ಡಯಾಜಿನಾನ್ ಅಷ್ಟೇ ಅಲ್ಲ, ಪ್ಯಾರಾಥಿಯಾನ್ ಎಂಬ ಇನ್ನೊಂದು ಕೀಟನಾಶಕವನ್ನೂ ತುಂಡರಿಸುತ್ತಿತ್ತು. ರೈತನ ಔಷಧಿ ಕೆಡಿಸಿದ ಆ ಬ್ಯಾಕ್ಟೀರಿಯಾದ ಕಿಣ್ವವೇ ಮುಂದೆ ವಿಷ ತೊಳೆಯುವ ಕೆಲಸಕ್ಕೆ ಆಸೆ ಹುಟ್ಟಿಸಿತು.

ಇಲ್ಲಿ ಗೊಬ್ಬರದ ಉಪಾಯ ಅಷ್ಟು ನಡೆಯುವುದಿಲ್ಲ. ಮಣ್ಣಿನಲ್ಲಿ ಕೀಟನಾಶಕ ಇರುವುದೇ ಸ್ವಲ್ಪ, ಹೊಟ್ಟೆ ತುಂಬುವ ಊಟವಲ್ಲ. ಮುಖ್ಯವಾಗುವುದು ಅಣುವಿನ ಯಾವ ಕೊಂಡಿ ಕತ್ತರಿಸಿತು, ಆಮೇಲೆ ಏನು ಉಳಿಯಿತು ಅನ್ನುವುದು. ಈ ಬ್ಯಾಕ್ಟೀರಿಯಾ ಪ್ಯಾರಾಥಿಯಾನನ್ನು ಕತ್ತರಿಸಿದಾಗ ಲ್ಯಾಬಿನ ಸೀಸೆಯ ನೀರು ಹಳದಿಯಾಗುತ್ತದೆ. ಕೆಲಸ ನಡೆದಿದೆ ಎಂಬುದಕ್ಕೆ ಅದೇ ಗುರುತು. ಆದರೆ ಆ ಹಳದಿ ನೈಟ್ರೋಫೀನಾಲ್‌ನದು. ಅದೂ ವಿಷವೇ, ಮೂಲದಷ್ಟು ಘೋರವಲ್ಲ ಅಷ್ಟೇ. ಅದನ್ನು ತಿನ್ನಲು ಬೇರೆ ಬ್ಯಾಕ್ಟೀರಿಯಾ ಬರಬೇಕು.

ಎಂಡೋಸಲ್ಫಾನ್‌ನಲ್ಲಿ ಇದು ಇನ್ನೂ ಕೆಟ್ಟದಾಗಿ ನಡೆಯುತ್ತದೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸುರಿದ ವಿಷ ಅದು. ಮಣ್ಣಿನ ಹಲವು ಸೂಕ್ಷ್ಮಜೀವಿಗಳು ಅದಕ್ಕೆ ಆಮ್ಲಜನಕ ಸೇರಿಸಿ ಎಂಡೋಸಲ್ಫಾನ್ ಸಲ್ಫೇಟ್ ಮಾಡಿಬಿಡುತ್ತವೆ. ಅದು ಮೂಲದಷ್ಟೇ ವಿಷ, ಮಣ್ಣಿನಲ್ಲಿ ಅದಕ್ಕಿಂತ ಜಾಸ್ತಿ ಕಾಲ ಉಳಿಯುತ್ತದೆ. ಕೆಲವು ಬ್ಯಾಕ್ಟೀರಿಯಾ ಮಾತ್ರ ನೀರು ಸೇರಿಸಿ ಕತ್ತರಿಸಿ, ಅಷ್ಟು ಅಪಾಯವಿಲ್ಲದ ಎಂಡೋಸಲ್ಫಾನ್ ಡಯೋಲ್ ಮಾಡುತ್ತವೆ. ಹಾಗಾಗಿ ಮಣ್ಣಿನ ಪರೀಕ್ಷೆಯ ವರದಿಯಲ್ಲಿ ಎಂಡೋಸಲ್ಫಾನ್ ಕಡಿಮೆಯಾಗಿದೆ ಎಂದು ಇದ್ದರೆ ನಾನು ಮೊದಲು ಹುಡುಕುವುದು ಪಕ್ಕದ ಸಾಲನ್ನು. ಅಲ್ಲಿ ಸಲ್ಫೇಟನ್ನು ಅಳೆದಿದ್ದಾರೋ ಇಲ್ಲವೋ ಎಂದು.