ಸ್ಕೋಪಿನಲ್ಲಿ ಒಮ್ಮೆ ಕಂಡದ್ದು ಲೇಟೆನ್ಸಿ ಅಲ್ಲ

"ಇಂಟರಪ್ಟ್ ಲೇಟೆನ್ಸಿ ಅಳೆದೆವು ಸರ್, ಅರ್ಧ ಮೈಕ್ರೋಸೆಕೆಂಡೂ ಇಲ್ಲ" ಎಂದು ಸ್ಕೋಪಿನ ಪರದೆಯ ಫೋಟೋ ಕಳಿಸುವವರು ಬಹಳ. ಅಳೆದದ್ದು ಸುಳ್ಳಲ್ಲ. ಆದರೆ ಫೋಟೋದಲ್ಲಿರುವುದು ಪ್ರೊಸೆಸರ್ ಬಿಡುವಾಗಿದ್ದಾಗ ಸಿಕ್ಕ ಒಂದು ಗೆರೆ. ಮೋಟಾರು ನಿಲ್ಲಿಸುವ ಇಂಟರಪ್ಟ್‌ಗೆ ಬೇಕಾದದ್ದು ತೀರಾ ಕೆಟ್ಟ ಹೊತ್ತಿನಲ್ಲಿ ಎಷ್ಟು ತಡವಾಗುತ್ತದೆ ಎಂಬುದು.

72 ಮೆಗಾಹರ್ಟ್ಸ್‌ನಲ್ಲಿ ಓಡುವ STM32F103 ತೆಗೆದುಕೊಳ್ಳಿ. ಇದರೊಳಗಿನ ಕಾರ್ಟೆಕ್ಸ್-ಎಂ3ಗೆ ಇಂಟರಪ್ಟ್ ಹೊಕ್ಕಲು 12 ಸೈಕಲ್, ಅಂದರೆ ಸುಮಾರು 167 ನ್ಯಾನೋಸೆಕೆಂಡ್. ಫ್ಲ್ಯಾಶ್‌ಗಾಗಿ ಕಾಯುವುದು, ಪಿನ್‌ಗೆ ಬರೆಯುವುದು ಸೇರಿದರೆ ಇನ್ನಷ್ಟು. ಈಗ ಮುಖ್ಯ ಲೂಪಿನಲ್ಲಿ ಯಾರೋ `__disable_irq()` ಹಾಕಿ 512 ಬೈಟ್ ಒಂದೊಂದಾಗಿ ನಕಲು ಮಾಡುತ್ತಿದ್ದಾರೆ ಎನ್ನಿ. ಬೈಟಿಗೆ ಏಳು ಸೈಕಲ್ ಹಿಡಿದರೂ 50 ಮೈಕ್ರೋಸೆಕೆಂಡ್ ಬಾಗಿಲು ಮುಚ್ಚಿರುತ್ತದೆ. ಈ ನಕಲು ಸೆಕೆಂಡಿಗೆ ಒಮ್ಮೆ ಮಾತ್ರ ನಡೆದರೆ ನಿಮ್ಮ ಫೋಟೋದಲ್ಲಿ ಅದು ಸಿಗುವುದೇ ಇಲ್ಲ.

ಇನ್ಫಿನಿಟ್ ಪರ್ಸಿಸ್ಟೆನ್ಸ್ ಹಾಕಿ ಬಿಟ್ಟರೆ ಸಿಗಬಹುದು. ಆದರೆ ಸ್ಕೋಪ್ ಒಂದು ಅಲೆ ಹಿಡಿದು ಇನ್ನೊಂದಕ್ಕೆ ಸಿದ್ಧವಾಗುವಷ್ಟರಲ್ಲಿ ಕೆಲವನ್ನು ಬಿಟ್ಟುಬಿಡುತ್ತದೆ. ಬಿಟ್ಟದ್ದರಲ್ಲೇ ನಿಮಗೆ ಬೇಕಾದದ್ದು ಇರಬಹುದು. ಅದಕ್ಕಾಗಿ ಲೇಟೆನ್ಸಿಯನ್ನೇ ಒಂದು ಪಲ್ಸಿನ ಅಗಲವಾಗಿ ಮಾಡಿಕೊಳ್ಳುವುದು ಮೇಲು.

ಒಂದು 74HC74 ಫ್ಲಿಪ್-ಫ್ಲಾಪನ್ನು 3.3 ವೋಲ್ಟ್‌ನಲ್ಲಿ ಓಡಿಸಿ. D ಮತ್ತು ಪ್ರಿಸೆಟ್ ಎರಡನ್ನೂ ಮೇಲಕ್ಕೆ ಕಟ್ಟಿ. ಕ್ಲಾಕಿಗೆ ಸಿಗ್ನಲ್ ಜನರೇಟರಿನಿಂದ 3.3 ವೋಲ್ಟಿನ ಚೌಕ ಅಲೆ, Qನಿಂದ PA0ಗೆ ಒಂದು ತಂತಿ, PA1ನಿಂದ ಕ್ಲಿಯರ್‌ಗೆ ಇನ್ನೊಂದು. PA0 ಏರುವ ಅಂಚಿಗೆ ಇಂಟರಪ್ಟ್ ಕೊಡಲಿ. ಇಂಟರಪ್ಟ್ ಸಿದ್ಧವಾದ ಮೇಲೆ PA1 ಒಮ್ಮೆ ಇಳಿಸಿ ಏರಿಸಿ, ಆಮೇಲೆ ಮೇಲೆಯೇ ಇರಲಿ; ಇಲ್ಲದಿದ್ದರೆ ಮೊದಲೇ ಏರಿದ Q ಹಾಗೇ ಉಳಿದುಬಿಡಬಹುದು.

```c
void EXTI0_IRQHandler(void) {
    GPIOA->BSRR = 1u << 17;
    EXTI->PR    = 1u << 0;
    GPIOA->BSRR = 1u << 1;
}
```

ಜನರೇಟರಿನ ಅಂಚಿಗೆ Q ಏರುತ್ತದೆ, ಹ್ಯಾಂಡ್ಲರಿನ ಮೊದಲ ಸಾಲು ಅದನ್ನು ಇಳಿಸುತ್ತದೆ. ನಡುವಿನ ಅಗಲವೇ ಲೇಟೆನ್ಸಿ. ಮೊದಲ ಸಾಲನ್ನು HAL ಕಾಲ್‌ಬ್ಯಾಕಿನೊಳಗೆ ಇಟ್ಟರೆ ಆ ಲೈಬ್ರರಿಯ ಹೊತ್ತೂ ಸೇರಿಕೊಳ್ಳುತ್ತದೆ; ನಿಮ್ಮ ನಿಜವಾದ ಕೆಲಸವೂ ಅಲ್ಲೇ ಇದ್ದರೆ ಹಾಗೇ ಅಳೆಯಿರಿ.

ಈಗ ಪ್ರೋಬನ್ನು Q ಮೇಲಿಟ್ಟು ಪಲ್ಸ್ ವಿಡ್ತ್ ಟ್ರಿಗರ್ ಆರಿಸಿ, 5 ಮೈಕ್ರೋಸೆಕೆಂಡಿಗಿಂತ ಅಗಲ ಎಂದು ಹೇಳಿ. ಟ್ರಿಗರ್ ಆಟೋದಲ್ಲಿ ಬೇಡ, ನಾರ್ಮಲ್‌ನಲ್ಲಿ ಇರಲಿ. ಇಲ್ಲದಿದ್ದರೆ ಏನೂ ಸಿಗದಾಗಲೂ ಪರದೆ ಬದಲಾಗುತ್ತಾ ದಾರಿ ತಪ್ಪಿಸುತ್ತದೆ. ಜನರೇಟರನ್ನು 1000 ಹರ್ಟ್ಸ್‌ಗೆ ಇಡಬೇಡಿ. ಟೈಮರ್ ಟಿಕ್ಕೂ ಅಷ್ಟೇ ಇದ್ದರೆ ಎರಡೂ ಜೊತೆಯಾಗಿ ನಡೆದು ಬಹಳ ಹೊತ್ತು ಅದೇ ಜಾಗದಲ್ಲೇ ಬಡಿಯುತ್ತವೆ. 997 ಇಡಿ.

ಅಗಲವಾದ ಪಲ್ಸ್ ಸಿಕ್ಕ ಮೇಲೆ ಅನುಮಾನವಿರುವ ಕೋಡಿನ ಸುತ್ತ PA2 ಏರಿಸಿ, ಇಂಟರಪ್ಟ್ ಮತ್ತೆ ತೆರೆಯುವ ಮುನ್ನವೇ ಇಳಿಸಿ, ಎರಡನೇ ಚಾನೆಲ್‌ನಲ್ಲಿ ನೋಡಿ. PA2 ಇಳಿದ ಬೆನ್ನಲ್ಲೇ ಪ್ರತಿ ಸಲವೂ Q ಇಳಿದರೆ ತಡ ಮಾಡಿದ್ದು ಅದೇ ಕೋಡು. ಕೆಲವು ಸಲ PA2 ಏಳದೆಯೇ Q ಅಗಲವಾದರೆ ಹುಡುಕಾಟ ಮುಗಿದಿಲ್ಲ: ಹೆಚ್ಚಿನ ಆದ್ಯತೆಯ ಇನ್ನೊಂದು ಇಂಟರಪ್ಟ್ ನೋಡಿ. ಇಡೀ ರಾತ್ರಿ ಓಡಿಸಿ ಏನೂ ಸಿಗದಿದ್ದರೂ ಅದು ಆ ಕೆಲಸದ ಹೊರೆಗೆ, ಆ ಫರ್ಮ್‌ವೇರಿಗೆ ಸಿಕ್ಕ ಉತ್ತರ ಮಾತ್ರ. ಹೊಸ ಡ್ರೈವರ್ ಸೇರಿದ ದಿನ ಮತ್ತೆ ಅಳೆಯಬೇಕು.