ಒಂದೇ ವಾತ, ಮೂರು ಜಾಗ

ನಮ್ಮ ಆಯುರ್ವೇದ ಚಿಕಿತ್ಸಾಲಯದ ಹಿರಿಯ ವೈದ್ಯರು ಕೇಸ್ ಶೀಟ್ ಬರೆಯುವುದು ಅರ್ಧ ಹಾಳೆಯಲ್ಲಿ. ಹಳೆಯ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಪ್ರಕೃತಿ, ತೊಂದರೆ, ಪರೀಕ್ಷೆ, ಔಷಧ ಅಂತ ನಾಲ್ಕು ಕಾಲಂ ಮಾಡಿಕೊಂಡು ಕೂತೆ. ಸುಲಭ ಅಂದುಕೊಂಡಿದ್ದೆ. ಒಂದು ಹಾಳೆ ನೋಡಿ:

“ಸ್ತ್ರೀ 42. ವಾ-ಪಿ. ಬೆರಳು, ಮಣಿಕಟ್ಟು ನೋವು 3 ತಿಂ., ಬೆಳಗ್ಗೆ ಬಿಗಿತ. ನಾಡಿ ವಾ-ಕ. ಜಿಹ್ವಾ ಲಿಪ್ತ. ಅಗ್ನಿ ಮಂದ. ಮಲ ಬದ್ಧ. ಜ್ವರ –. ಆಮವಾತ. ಸಿಂ.ಗು. 2-0-2. ರಾ.ಸ.ಕ. 15+45, 2 ಹೊತ್ತು, ಊ.ಮು. ತ್ರಿ.ಚೂ. 1 ಚ. ರಾತ್ರಿ. ಮೊಸರು, ಉದ್ದು ಬೇಡ.”

ಇಲ್ಲಿ ವಾತ ಮೂರು ಸಲ ಬಂದಿದೆ, ಅಲ್ವಾ? ಮೂರೂ ಬೇರೆ ಬೇರೆ. ವಯಸ್ಸಿನ ಪಕ್ಕದ ‘ವಾ-ಪಿ’ ಅಂದರೆ ಆಕೆಯ ಪ್ರಕೃತಿ, ವಾತ-ಪಿತ್ತ. ಅದು ಹುಟ್ಟಿನಿಂದ ಬಂದದ್ದು, ಕಾಯಿಲೆ ಬಂದರೂ ಹೋದರೂ ಅದೇ. ನಾಡಿಯ ಮುಂದಿನ ‘ವಾ-ಕ’ ಅಂದರೆ ವಾತ-ಕಫ, ಅವತ್ತು ಕೈ ಹಿಡಿದಾಗ ಸಿಕ್ಕಿದ್ದು, ಈಗ ಕೆಟ್ಟಿರುವ ದೋಷಗಳ ಗುರುತು. ಅದು ಪರೀಕ್ಷೆಯ ಕಾಲಂಗೆ. ‘ಆಮವಾತ’ ರೋಗದ ಹೆಸರು. ಮೊದಮೊದಲು ನಾನು ನಾಡಿಯದ್ದನ್ನೂ ಪ್ರಕೃತಿಯ ಕಾಲಂಗೇ ತುಂಬುತ್ತಿದ್ದೆ. ಒಬ್ಬರೇ ರೋಗಿಗೆ ಮೂರು ಭೇಟಿಯಲ್ಲಿ ಮೂರು ಪ್ರಕೃತಿ ಬಂದಾಗ ತಪ್ಪು ಗೊತ್ತಾಯಿತು. ಈಗ ಅದೇ ರೋಗಿಯ ಹಳೆಯ ಹಾಳೆ ತೆಗೆದು ನೋಡುತ್ತೇನೆ. ಈಕೆ ಹಿಂದೆ ನೆಗಡಿಗೆ ಬಂದಿದ್ದಾಗಲೂ ‘ವಾ-ಪಿ’ ಅಂತಲೇ ಇತ್ತು, ಹಾಗಾಗಿ ತುಂಬಿದೆ. ಎರಡು ಹಾಳೆ ಹೊಂದದಿದ್ದರೆ ಪ್ರಕೃತಿ ಖಾಲಿ ಬಿಟ್ಟು ವೈದ್ಯರನ್ನು ಕೇಳುತ್ತೇನೆ.

ರೋಗದ ಹೆಸರಿಗೆ ನನ್ನ ನಾಲ್ಕು ಕಾಲಂನಲ್ಲಿ ಜಾಗವೇ ಇರಲಿಲ್ಲ. ‘ಆಮವಾತ’ವನ್ನು ತೊಂದರೆಯಲ್ಲಿ ಹಾಕಿದರೆ ರೋಗಿಯೇ ಬಂದು ಹಾಗೆ ಹೇಳಿದಂತಾಗುತ್ತದೆ. ಅದು ವೈದ್ಯರ ತೀರ್ಮಾನ. ಐದನೇ ಕಾಲಂ ಮಾಡಲೇಬೇಕಾಯಿತು. ಪಥ್ಯವನ್ನು ಔಷಧದ ಕೆಳಗೇ ಬೇರೆ ಸಾಲಾಗಿ ಇಟ್ಟೆ.

‘ಮಲ ಬದ್ಧ’ ಇನ್ನೊಂದು ತಲೆನೋವು. ಅದು ತೊಂದರೆಯೋ ಪರೀಕ್ಷೆಯೋ? ನಾಡಿ, ಮೂತ್ರ, ಮಲ, ನಾಲಿಗೆ, ಧ್ವನಿ, ಸ್ಪರ್ಶ, ಕಣ್ಣು, ಆಕೃತಿ ಅಂತ ಅಷ್ಟಸ್ಥಾನ ಪರೀಕ್ಷೆಯಲ್ಲಿ ಮಲವೂ ಇದೆ. ಆದರೆ ಹೆಚ್ಚಿನ ಸಲ ಅದು ರೋಗಿಯನ್ನು ಕೇಳಿಯೇ ಗೊತ್ತಾಗುವುದು. ನಾನು ಇಟ್ಟುಕೊಂಡ ನಿಯಮ ಇಷ್ಟೇ: ರೋಗಿ ತಾನಾಗಿ ಹೇಳಿಕೊಂಡು ಬಂದಿದ್ದರೆ ತೊಂದರೆ, ವೈದ್ಯರು ಕೇಳಿ ತಿಳಿದಿದ್ದರೆ ಪರೀಕ್ಷೆ. ಹಾಳೆಯಲ್ಲಿ ಅದು ಜಿಹ್ವಾ, ಅಗ್ನಿಯ ಸಾಲಿನಲ್ಲಿ ಇದೆ, ಅವಧಿ ಬರೆದಿಲ್ಲ. ಹಾಗಾಗಿ ಪರೀಕ್ಷೆಗೆ ಹೋಯಿತು. ‘ಜ್ವರ –’ ಅನ್ನುವುದನ್ನೂ ಬಿಡಬಾರದು. ಕೇಳಿದ್ದಾರೆ, ಜ್ವರ ಇಲ್ಲ ಅಂತ ಅರ್ಥ. ಹಸಿವಿನ ವಿಷಯ ಬರೆಯದ ಹಾಳೆಯಲ್ಲಿ ಮಾತ್ರ ನಾನು ಸುಮ್ನೆ ‘ಸರಿಯಿದೆ’ ಅಂತ ತುಂಬುವ ಹಾಗಿಲ್ಲ. ಅಲ್ಲಿ ‘ದಾಖಲಿಲ್ಲ’ ಅಂತಲೇ ಹಾಕಬೇಕು.

ನಿಜವಾದ ಅಪಾಯ ಇರುವುದು ಔಷಧದಲ್ಲಿ. ‘ರಾ.ಸ.ಕ. 15+45’ ಅಂದರೆ ರಾಸ್ನಾಸಪ್ತಕ ಕಷಾಯ 15 ಮಿ.ಲೀ., ಅದಕ್ಕೆ ಬಿಸಿನೀರು 45 ಮಿ.ಲೀ. ನಾನೊಮ್ಮೆ ಎರಡನ್ನೂ ಕೂಡಿಸಿ ಪ್ರಮಾಣದ ಕಾಲಂನಲ್ಲಿ 60 ಅಂತ ಬರೆದಿದ್ದೆ. ಔಷಧ ಕೊಡುವ ಹುಡುಗಿ “ಮೇಡಂ, ಈ ಲೆಕ್ಕದಲ್ಲಿ ಒಂದು ಬಾಟಲಿ ಎರಡು ದಿನಕ್ಕೂ ಬರಲ್ಲ” ಅಂದಳು. ಆಗ ನನಗೆ ಹೊಳೆಯಿತು. ಅವತ್ತಿನಿಂದ ಪ್ರಮಾಣ ಬೇರೆ, ಔಷಧದ ಜೊತೆ ಸೇವಿಸುವ ಅನುಪಾನ ಬೇರೆ, ಹೊತ್ತು ಬೇರೆ ಕಾಲಂ. ‘ಊ.ಮು.’ ಅಂದರೆ ಊಟಕ್ಕೆ ಮುಂಚೆ.

ಗುಗ್ಗುಲುಗಳಲ್ಲಿ ಒಂದೇ ಅಕ್ಷರ ಔಷಧವನ್ನೇ ಬದಲಿಸುತ್ತದೆ. ಈ ಹಾಳೆಯ ‘ಸಿಂ.ಗು.’ ಸಿಂಹನಾದ ಗುಗ್ಗುಲು, ಅದರಲ್ಲಿ ಗೊಂದಲವಿಲ್ಲ. ಆದರೆ ‘ಯೋ.ಗು.’ ಯೋಗರಾಜ, ‘ಮ.ಯೋ.ಗು.’ ಮಹಾಯೋಗರಾಜ. ಎರಡನೆಯದರಲ್ಲಿ ಲೋಹದ ಭಸ್ಮಗಳೂ ಸೇರಿವೆ. ಮಸುಕಾದ ಹಾಳೆಯಲ್ಲಿ ಆ ‘ಮ.’ ಇದೆಯೋ ಇಲ್ಲವೋ ಅನ್ನಿಸಿದರೆ ಊಹೆಗೆ ಹೋಗುವುದೇ ಇಲ್ಲ.

ಅದಕ್ಕೇ ಪ್ರತಿ ಔಷಧಕ್ಕೂ ಎರಡು ಖಾನೆ ಇಟ್ಟಿದ್ದೇನೆ. ಒಂದರಲ್ಲಿ ಹಾಳೆಯಲ್ಲಿ ಇದ್ದದ್ದು ಇದ್ದ ಹಾಗೆ, ಇನ್ನೊಂದರಲ್ಲಿ ಬಿಡಿಸಿದ ಪೂರ್ತಿ ಹೆಸರು. ‘ತ್ರಿ.ಚೂ.’ ತ್ರಿಫಲಾ ಚೂರ್ಣವೂ ಆಗಬಹುದು, ತ್ರಿಕಟು ಚೂರ್ಣವೂ ಆಗಬಹುದು. ಮೊದಲನೆಯದು ಅಳಲೆ, ತಾರೆ, ನೆಲ್ಲಿ. ಎರಡನೆಯದು ಶುಂಠಿ, ಮೆಣಸು, ಹಿಪ್ಪಲಿ, ಅಂದರೆ ಬರೀ ಖಾರ. ಈ ಹಾಳೆ ಹಿಡಿದುಕೊಂಡು ಹೋಗಿ ವೈದ್ಯರನ್ನು ಕೇಳಿದೆ.

“ತ್ರಿಫಲಾ ಕಣಮ್ಮ. ಮಲ ಬದ್ಧ ಅಂತ ಮೇಲೇ ಬರೆದಿದ್ದೀನಲ್ಲ. ರಾತ್ರಿ ಹೊತ್ತು ಒಂದು ಚಮಚ ತ್ರಿಕಟು ಯಾರಾದರೂ ಕೊಡ್ತಾರಾ?” ಅಂದರು.

ಅದೇ ಕಟ್ಟಿನ ಮುಂದಿನ ಹಾಳೆ ಕೆಮ್ಮಿನದು. ‘ತ್ರಿ.ಚೂ. ಕಾಲು ಚ., ಜೇನು, 2 ಹೊತ್ತು’ ಅಂತಿತ್ತು. ಅದನ್ನೂ ಮುಂದಿಟ್ಟೆ. ಕನ್ನಡಕ ಏರಿಸಿ ನೋಡಿ, “ಇದು ತ್ರಿಕಟು” ಅಂದರು.